ಚಕ್ಕುಲಿಯ ಲೆಕ್ಕಕ್ಕೆ ಲೋಟ ಸಾಲದು

ಗೋಕುಲಾಷ್ಟಮಿಗೆಂದು ತೀರ್ಥಹಳ್ಳಿಗೆ ಬಂದಿದ್ದೆ. ಜರ್ಮನಿಯಿಂದ ತಂದ ಪುಟ್ಟ ತಕ್ಕಡಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದೇ ತಡ, ಚಿಕ್ಕಮ್ಮ ಕೇಳಿಯೇಬಿಟ್ಟರು: "ಇದೇನು ಮಾರಾಯ, ಅಡುಗೆಮನೆಯನ್ನು ದಿನಸಿ ಅಂಗಡಿ ಮಾಡಿದ್ದೀಯ?" ಎಲ್ಲರೂ ನಕ್ಕರು. ನನಗೆ ಚುರುಕ್ಕೆಂದಿತು.

ನಾನಿರುವ ಸ್ಟುಟ್‌ಗಾರ್ಟಿನಲ್ಲಿ ಬ್ರೆಡ್ಡಿಗಾಗಲಿ ಕೇಕಿಗಾಗಲಿ ಹಿಟ್ಟನ್ನು ಗ್ರಾಂನಲ್ಲೇ ಬರೆಯುತ್ತಾರೆ. ಪಕ್ಕದ ಮನೆಯ ಅಜ್ಜಿಯೂ ಬೋಗುಣಿಯನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಹಿಟ್ಟು ಸುರಿಯುತ್ತಾರೆ. ಅವರ ಚೀಟಿ ಹಿಡಿದು ನಾನು ಮಾಡಿದರೂ ಅದೇ ಬ್ರೆಡ್ಡು ಬರುತ್ತದೆ. ನಮ್ಮಲ್ಲಿ ಮಾತ್ರ ಎಲ್ಲವೂ ಲೋಟ, ಪಾವು, 'ಒಂದು ಹಿಡಿ'. ಯಾವ ಲೋಟ ಎಂದು ಕೇಳಿದರೆ 'ನಮ್ಮ ಮನೆಯದು' ಎಂಬ ಉತ್ತರ.

ಇದರ ಫಲವನ್ನು ಉಂಡವಳು ಶಿವಮೊಗ್ಗದಲ್ಲಿರುವ ಅಕ್ಕನ ಮಗಳು. ಚಿಕ್ಕಮ್ಮನ ಚಕ್ಕುಲಿಯ ಅಳತೆ ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ. ಬೇಳೆಯನ್ನು ಹುರಿದು, ಎರಡನ್ನೂ ಸೇರಿಸಿ ಗಿರಣಿಗೆ ಕಳಿಸುತ್ತಾರೆ. ಹುಡುಗಿಗೆ ಗಿರಣಿಗೆ ಹೋಗಲು ಪುರಸೊತ್ತಿಲ್ಲ. ಅಂಗಡಿಯಿಂದ ಅಕ್ಕಿಹಿಟ್ಟು, ಉದ್ದಿನಹಿಟ್ಟು ತಂದು ಅದೇ ಲೋಟದಲ್ಲಿ ನಾಲ್ಕಕ್ಕೆ ಒಂದು ಹಾಕಿದಳು. ಚಕ್ಕುಲಿ ಕಲ್ಲಿನಂತಾಯಿತು, ಉಪ್ಪೋ ಬಾಯಿಗಿಡಲಾಗದಷ್ಟು. 'ಹುಡುಗಿಗೆ ಕೈ ಹದವಿಲ್ಲ' ಎಂದು ಮನೆಯಲ್ಲಿ ತೀರ್ಪಾಯಿತು. ಇದಕ್ಕೆ ನಾನು ಒಪ್ಪುವುದಿಲ್ಲ. ತಪ್ಪಿದ್ದು ಅವಳ ಕೈಯಲ್ಲ, ಅಳತೆ.

ಅವಳ ಲೋಟವನ್ನೇ ತರಿಸಿ ತೂಗಿದೆ. ಮೊದಲು ನೀರು ತುಂಬಿದಾಗ 240 ಗ್ರಾಂ, ಅಂದರೆ 240 ಮಿಲಿಲೀಟರ್ ಲೋಟ. ಅಂಚಿಗೆ ಸವರಿ ತುಂಬಿದ ಅಕ್ಕಿ ಸುಮಾರು 190 ಗ್ರಾಂ, ಉದ್ದಿನಬೇಳೆ 200. ಅದೇ ಲೋಟದಲ್ಲಿ ಅಕ್ಕಿಹಿಟ್ಟು 155 ಗ್ರಾಂ, ಉದ್ದಿನಹಿಟ್ಟು 120 ಮಾತ್ರ. ಬೀಸಿದಾಗ ಕಾಳಿನ ತೂಕವೇನೂ ಕರಗುವುದಿಲ್ಲ, ಪುಡಿಯ ನಡುವೆ ಗಾಳಿ ಸೇರಿ ಅದು ಹೆಚ್ಚು ಜಾಗ ಹಿಡಿಯುತ್ತದೆ ಅಷ್ಟೆ. ಎಷ್ಟು ಗಾಳಿ ಎಂಬುದು ತುಂಬುವ ಕೈಯನ್ನೂ ಅವಲಂಬಿಸಿದೆ. ಚಮಚದಿಂದ ಹಗುರಾಗಿ ಹಾಕಿದ ಹಿಟ್ಟಿಗೂ, ಲೋಟ ಕುಟ್ಟಿ ಕುಟ್ಟಿ ತುಂಬಿದ ಹಿಟ್ಟಿಗೂ ಎಷ್ಟೋ ಗ್ರಾಂ ವ್ಯತ್ಯಾಸ. ಅದಕ್ಕೇ ಹಿಟ್ಟನ್ನು ಮೂರು ಸಲ ತೂಗಿ ಸರಾಸರಿ ಹಿಡಿಯಬೇಕು.

ಈಗ ಲೆಕ್ಕ ನೋಡಿ. ಚಿಕ್ಕಮ್ಮನ ಅಳತೆಯಲ್ಲಿ ಅಕ್ಕಿ 760 ಗ್ರಾಂ, ಬೇಳೆ 200, ಒಟ್ಟು 960. ನೂರಕ್ಕೆ 21 ಪಾಲು ಉದ್ದು. ಹುಡುಗಿಯ ಬೋಗುಣಿಯಲ್ಲಿ ಅಕ್ಕಿಹಿಟ್ಟು 620, ಉದ್ದಿನಹಿಟ್ಟು 120, ಒಟ್ಟು 740. ಉದ್ದು ನೂರಕ್ಕೆ 16ಕ್ಕೆ ಇಳಿಯಿತು, ಚಕ್ಕುಲಿ ಗಟ್ಟಿಯಾಯಿತು. ಉಪ್ಪನ್ನು ಮಾತ್ರ ಅವಳು ಚೀಟಿಯಲ್ಲಿದ್ದಷ್ಟೇ ಹಾಕಿದ್ದಳು, ತೂಗಿದರೆ 15 ಗ್ರಾಂ. ಅದು 960 ಗ್ರಾಂ ಹಿಟ್ಟಿಗೆ ಹೇಳಿದ ಉಪ್ಪು. 740 ಗ್ರಾಂಗೆ ಹನ್ನೊಂದೂವರೆ ಗ್ರಾಂ ಸಾಕಿತ್ತು. ಗಟ್ಟಿಯಾಗಲು ಬೇರೆ ಕಾರಣಗಳೂ ಇರಬಹುದು, ಎಣ್ಣೆ ಕಾದ ಹದವೂ ಇರಬಹುದು. ಆದರೆ ಉಪ್ಪು ಹೀಗೆ ಏರಿದರೆ ಹಿಟ್ಟಿನ ತೂಕವನ್ನೇ ಮೊದಲು ಅನುಮಾನಿಸಬೇಕು.

ಸರಿಮಾಡುವುದೂ ಕಷ್ಟವಲ್ಲ. 760ಕ್ಕೆ 200 ಆದರೆ 620 ಗ್ರಾಂ ಅಕ್ಕಿಹಿಟ್ಟಿಗೆ 163 ಗ್ರಾಂ ಉದ್ದಿನಹಿಟ್ಟು ಬೇಕು. ಅವಳ ಲೋಟದಲ್ಲಿ ಅದು ಒಂದೂ ಮೂರರಲ್ಲೊಂದು ಲೋಟ. ಮೊದಲು ಒಂದೊಂದನ್ನೂ ಅದರದರ ತೂಕಕ್ಕೆ ಇಳಿಸಿಕೊಳ್ಳಬೇಕು, ಆಮೇಲೆ ಕೂಡಿಸುವುದು, ಭಾಗಿಸುವುದು. ಲೋಟಗಳನ್ನೇ ಕೂಡಿಸಿ 'ಐದು ಲೋಟ' ಎಂದು ಹೊರಟರೆ ಲೆಕ್ಕ ಶುರುವಿನಲ್ಲೇ ದಾರಿ ತಪ್ಪುತ್ತದೆ. ಇಷ್ಟನ್ನು ಚೀಟಿಯಲ್ಲಿ ಗ್ರಾಂನಲ್ಲಿ ಬರೆದಿಡಲು ನಮ್ಮವರಿಗೇನು ಕಷ್ಟ ಎಂದು ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಊರು ಬಿಟ್ಟು ಹೋದ ಮಕ್ಕಳು ಆ ರುಚಿಯನ್ನು ಮತ್ತೆ ಹಿಡಿಯುವುದು ಹೇಗೆ?

ಆದರೂ ಒಂದನ್ನು ಹೇಳಲೇಬೇಕು. ಅಕ್ಕಿ 190, ಬೇಳೆ 200, ಹತ್ತಿರ ಹತ್ತಿರವೇ. ಕಾಳಾಗಿಯೇ ಅಳೆಯುವವರೆಗೆ ಲೋಟದ ಲೆಕ್ಕವೂ ತೂಕದ ಲೆಕ್ಕವೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಚಿಕ್ಕಮ್ಮನಿಗೆ ತಕ್ಕಡಿ ಬೇಕಾಗದೆ ಇದ್ದುದು ಅದಕ್ಕೇ. ಇನ್ನು ನೀರಿನ ವಿಷಯದಲ್ಲಿ ನನ್ನ ತಕ್ಕಡಿ ಸೋಲುತ್ತದೆ. ಹಿಟ್ಟು ಎಷ್ಟು ನೀರು ಕುಡಿಯುತ್ತದೆ ಎಂಬುದು ಅಕ್ಕಿಯ ಮೇಲೂ ಬೀಸಿದ ನುಣುಪಿನ ಮೇಲೂ ನಿಂತಿದೆ. ಅದನ್ನು ಚಿಕ್ಕಮ್ಮ ಹಿಟ್ಟು ಕಲಸುತ್ತಲೇ ಬೆರಳಲ್ಲಿ ತಿಳಿಯುತ್ತಾರೆ. ಅವರ ಚೀಟಿಯಲ್ಲಿ ನಾನು ಅಕ್ಕಿ, ಉದ್ದು, ಉಪ್ಪನ್ನು ಗ್ರಾಂನಲ್ಲಿ ಬರೆದು, ನೀರಿನ ಮುಂದೆ 'ಹದ ನೋಡಿ' ಎಂಬ ಅವರ ಮಾತನ್ನೇ ಉಳಿಸಿದ್ದೇನೆ.