ಗೆರೆ ನೆಟ್ಟಗೆ ಕಂಡರೆ ಕಣ್ಣು ಸರಿ ಇದೆಯೇ?

"ಈ ಚೌಕಗಳ ಚಿತ್ರ ನೋಡಿ, ಗೆರೆಗಳು ನೆಟ್ಟಗೆ ಕಂಡರೆ ಮ್ಯಾಕ್ಯುಲಾ ರೋಗ ಇಲ್ಲ, ಡಾಕ್ಟರ ಹತ್ತಿರ ಹೋಗಬೇಕಿಲ್ಲ."

ಹಾಗಲ್ಲ. ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ಈ ರೋಗ ಹೆಚ್ಚಿನವರಲ್ಲಿ ಒಣ ಬಗೆಯದು. ಅಲ್ಲಿ ಹಳದಿ ಚುಕ್ಕೆಗಳು ನಿಧಾನವಾಗಿ ಸೇರುತ್ತವೆ. ಶುರುವಿನಲ್ಲಿ ಸಾಮಾನ್ಯವಾಗಿ ಗೆರೆ ಡೊಂಕಾಗುವುದಿಲ್ಲ. ಡಾಕ್ಟರು ಕಣ್ಣಿನ ಒಳಗೆ ಪರೀಕ್ಷಿಸಿದಾಗಲೇ ಅದು ಗೊತ್ತಾಗುತ್ತದೆ.

ಮನೆಯಲ್ಲಿ ನೋಡುವ ಆ ಚೌಕಗಳ ಚಿತ್ರ, ಅಂದರೆ ಆಮ್ಸ್ಲರ್ ಚೌಕ, ಮುಖ್ಯವಾಗಿ ಸುಳಿವು ಕೊಡುವುದು ಒದ್ದೆ ಬಗೆಗೆ. ಹೊಸ ರಕ್ತನಾಳಗಳು ಬೆಳೆದು ಸೋರಿದಾಗ ಅಕ್ಷಿಪಟಲ ಉಬ್ಬುತ್ತದೆ, ಗೆರೆ ಬಾಗಿದಂತೆ ಕಾಣುತ್ತದೆ. ಆದರೆ ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ತಪ್ಪನ್ನು ಮುಚ್ಚಿಬಿಡುತ್ತದೆ. ನಮ್ಮ ದೊಡ್ಡಮ್ಮನಿಗೆ ಆದದ್ದು ಇದೇ. ಚೌಕದಲ್ಲಿ ಎಲ್ಲ ಸರಿಯಿತ್ತು. ಒಂದು ದಿನ ಎಡಗಣ್ಣು ಉಜ್ಜಿಕೊಳ್ಳುತ್ತಾ ಬಲಗಣ್ಣಲ್ಲಿ ನೋಡಿದಾಗ ಬಾಗಿಲ ಚೌಕಟ್ಟು ನಡುವೆ ಸೊಟ್ಟಗಿತ್ತು.

ಓದುವ ಕನ್ನಡಕ ಹಾಕಿಕೊಂಡು, ಒಳ್ಳೆಯ ಬೆಳಕಿನಲ್ಲಿ, ಸುಮಾರು 30 ಸೆಂ.ಮೀ. ದೂರದಲ್ಲಿ ಚೌಕ ಹಿಡಿಯಿರಿ. ಒಂದು ಕಣ್ಣು ಪೂರ್ತಿ ಮುಚ್ಚಿ. ನೋಟ ನಡುವಿನ ಚುಕ್ಕೆಯಿಂದ ಕದಲಬಾರದು. ಗೆರೆಯ ಹಿಂದೆ ಕಣ್ಣು ಓಡಿದರೆ ಪರೀಕ್ಷೆಯೇ ಕೆಟ್ಟಂತೆ. ಆಮೇಲೆ ಇನ್ನೊಂದು ಕಣ್ಣು.

ಹೊಸದಾಗಿ ಡೊಂಕು, ಮಸುಕು ಅಥವಾ ಖಾಲಿ ಜಾಗ ಕಂಡರೆ ಒಂದೆರಡು ದಿನದಲ್ಲೇ ರೆಟಿನಾ ತಜ್ಞರಿಗೆ ತೋರಿಸಿ. ಒದ್ದೆ ಬಗೆಯಲ್ಲಿ ಸೋರಿಕೆ ತಡೆಯುವ ಇಂಜೆಕ್ಷನ್ ಬೇಗ ಬಿದ್ದಷ್ಟೂ ಹೆಚ್ಚು ದೃಷ್ಟಿ ಉಳಿಯುತ್ತದೆ. ಗೆರೆ ನೆಟ್ಟಗಿದ್ದರೂ ಡಾಕ್ಟರು ಹೇಳಿದ ತಪಾಸಣೆ ತಪ್ಪಿಸಬೇಡಿ.