ಮೂಲೆಯಲ್ಲೊಂದು 2

ಕಳೆದ ಭಾನುವಾರದ ಟೇಪಿನ ಚೂರು ಇನ್ನೂ ನನ್ನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿದೆ. ಅದು ಹೋದರೆ ಸಿಟ್ಟೂ ಹೋಗಿಬಿಡಬಹುದು, ಅಷ್ಟರೊಳಗೆ ಬರೆದುಬಿಡುತ್ತೇನೆ.

ಮಂಡ್ಯದ ನಮ್ಮ ಭಾವ ನಾಲೆಯ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ಅವರು ಕೆಲಸ ಬಿಟ್ಟರೂ ನಕ್ಷೆ ಅವರನ್ನು ಬಿಟ್ಟಿಲ್ಲ. ಮೊಬೈಲಿನ ಫೋಟೋ ಮೇಲೆ ಬೆರಳಿನಿಂದ ಕೆಂಪು ಗೆರೆ ಎಳೆಯಬಹುದೆಂದು ಮೊಮ್ಮಗ ತೋರಿಸಿಕೊಟ್ಟ ದಿನದಿಂದ ನಮ್ಮ ಬಳಗದಲ್ಲಿ ಗೆರೆಯಿಲ್ಲದ ಫೋಟೋ ಓಡಾಡುವುದೇ ನಿಂತುಹೋಗಿದೆ. ನಲ್ಲಿ ಸೋರಿದರೆ ನಲ್ಲಿಯ ಫೋಟೋ, ಹನಿಗೊಂದು ಬಾಣ. ಹಲಸಿನ ಹಣ್ಣು ಕಳಿಸುವ ಮೊದಲು ಹಣ್ಣಿನ ಉದ್ದಗಲ. ಅಕ್ಕನ ಮೊಣಕಾಲು ಊದಿಕೊಂಡಾಗ ಮೊಣಕಾಲಿನ ಮೇಲೂ ಒಂದು ಗೆರೆ ಎಳೆದು 17 ಎಂದು ಬರೆದು ಕಳಿಸಿದ್ದರು. ಹದಿನೇಳು ಏನು? ಯಾರಿಗೂ ಗೊತ್ತಾಗಲಿಲ್ಲ, ವೈದ್ಯರಿಗೂ. ಇಂಚೋ ಸೆಂಟಿಮೀಟರೋ ಎಂದು ಬರೆಯುವ ಅಭ್ಯಾಸ ಭಾವನಿಗಿಲ್ಲ. ಕೆಲಸದಲ್ಲಿದ್ದಾಗ ನಕ್ಷೆಯ ಕೆಳಗೆ ಮೂಲೆಯಲ್ಲಿ ‘ಎಲ್ಲ ಅಳತೆಗಳೂ ಮೀಟರಿನಲ್ಲಿ’ ಎಂದು ಒಮ್ಮೆ ಬರೆದರೆ ಮುಗಿಯುತ್ತಿತ್ತಂತೆ. ಮೊಣಕಾಲಿಗೆ ಅಂಥ ಮೂಲೆಯನ್ನು ಎಲ್ಲಿಂದ ತರುವುದು?

ಅಕ್ಕನ ಓರಗಿತ್ತಿಯ ಮಗಳ ಆರತಕ್ಷತೆ ಭಾನುವಾರ ಸಂಜೆ. ಉಡುಗೊರೆಗೆ ಡಿನ್ನರ್ ಸೆಟ್ ಮಂಡ್ಯದಲ್ಲೇ ಕೊಂಡಾಗಿತ್ತು. ‘ಗಿಫ್ಟ್ ಪೇಪರ್ ಮಾತ್ರ ನೀನು ಮೈಸೂರಿನಿಂದ ತಂದುಬಿಡಪ್ಪ, ಅಳತೆ ಕಳಿಸುತ್ತೇನೆ’ ಎಂದರು ಭಾವ. ಶನಿವಾರ ರಾತ್ರಿ ಫೋಟೋ ಬಂತು. ರಟ್ಟಿನ ಡಬ್ಬ, ಪಕ್ಕದಲ್ಲಿ ಯಾರೋ ಕಾಫಿ ಕುಡಿದಿಟ್ಟ ಸ್ಟೀಲ್ ಲೋಟ. ಡಬ್ಬದ ಮೇಲೆ ಮೂರು ಕೆಂಪು ಗೆರೆ: 16, 12, 6. ಮೂಲೆಯಲ್ಲಿ, ಯಾವ ಗೆರೆಗೂ ಸಂಬಂಧವಿಲ್ಲದೆ, ಒಂಟಿಯಾಗಿ ಒಂದು 2.

ಇಂಚೇ ಇರಬೇಕೆಂದು ಆ ಲೋಟದಿಂದ ಊಹಿಸಿದೆ. ಕಾಫಿ ಲೋಟ ಹೆಚ್ಚೂಕಡಿಮೆ ನಾಲ್ಕಿಂಚು ಎತ್ತರ, ಡಬ್ಬ ಅದರ ಒಂದೂವರೆಯಷ್ಟು ಕಾಣುತ್ತಿತ್ತು, ಆರಕ್ಕೆ ಸರಿಹೋಯಿತು. ಕಷ್ಟ ಕೊಟ್ಟದ್ದು 12. ಫೋಟೋದಲ್ಲಿ ಹಿಂದಕ್ಕೆ ಸರಿಯುವ ಅಂಚು ಮೊಟಕಾಗಿಯೇ ಕಾಣುತ್ತದೆ. 12 ಎಂದು ಬರೆದ ಅಂಚು 6 ಎಂದು ಬರೆದದ್ದಕ್ಕಿಂತ ಚಿಕ್ಕದಾಗಿತ್ತು. ಜೊತೆಗೆ ಭಾವನ ಬೆರಳು ಜಾರಿ ಗೆರೆ ಡಬ್ಬವನ್ನೂ ದಾಟಿ ಸೋಫಾದ ಮೇಲೆ ಹೋಗಿ ಕುಳಿತಿತ್ತು. ಎರಡು ಅಂಕಿ ಅದಲುಬದಲಾಗಿರಬಹುದೇ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು: ಊಟದ ತಟ್ಟೆಯೇ ಹತ್ತಿಂಚಿನ ಮೇಲಿರುತ್ತದೆ, ಆರಿಂಚು ಅಗಲದ ಡಬ್ಬದಲ್ಲಿ ಅದು ಮಲಗುವುದಾದರೂ ಹೇಗೆ? ಹಾಗಾಗಿ ಅಗಲ 12, ಎತ್ತರ 6.

ಉಳಿದದ್ದು 2. ಫೋನ್ ಮಾಡಿದೆ.

‘ಭಾವ, ಮೂಲೆಯಲ್ಲಿ ಎರಡು ಎಂದಿದೆಯಲ್ಲ, ಅದೇನು?’

‘ಅದು ಒಂದರ ಮೇಲೊಂದು ಬರಬೇಕಲ್ಲಪ್ಪ, ಅದಕ್ಕೆ.’

‘ಒಂದು ಕಡೆಗೋ, ಎಲ್ಲ ಕಡೆಗೋ?’

‘ಎಲ್ಲೆಲ್ಲಿ ಬೇಕೋ ಅಲ್ಲಲ್ಲಿಗೆ’ ಎಂದು ಫೋನ್ ಇಟ್ಟರು.

ಭಾನುವಾರ ಬೆಳಿಗ್ಗೆ ಶಿವರಾಂಪೇಟೆಯ ಅಂಗಡಿಯಲ್ಲಿ ನನಗೆ ಹೈಸ್ಕೂಲಿನ ಗಣಿತ ನೆನಪಾಗಿಬಿಟ್ಟಿತು. ಇಡೀ ಅನಾಹುತಕ್ಕೆ ಅದೇ ಕಾರಣ. ಡಬ್ಬದ ಆರೂ ಮುಖಗಳ ವಿಸ್ತೀರ್ಣ ಕೂಡಿಸಿದೆ: 720 ಚದರ ಇಂಚು. ಅಂಗಡಿಯ ಹಾಳೆ 20 ಇಂಚಿಗೆ 30, ಅಂದರೆ 600. ಒಂದು ಸಾಲದು, ಎರಡಾದರೆ 1200. ಇನ್ನೂ 480 ಮಿಗುತ್ತದೆ, ಭಾವನ ಆ 2 ಎಲ್ಲೆಲ್ಲಿ ಬೇಕಾದರೂ ಬರಲಿ ಎಂದು ಧಾರಾಳವಾಗಿ ಎರಡು ನವಿಲಿನ ಹಾಳೆ ಕೊಂಡೆ. ಬಸ್ಸಿನಲ್ಲಿ ಆ ಸುರುಳಿಯನ್ನು ಶ್ರೀರಂಗಪಟ್ಟಣದವರೆಗೆ ತಲೆಯ ಮೇಲೆ, ಅಲ್ಲಿಂದ ಮುಂದಕ್ಕೆ ಪಕ್ಕದವರ ತೊಡೆಯ ಮೇಲೆ ಇಟ್ಟುಕೊಂಡು ಮಂಡ್ಯ ತಲುಪಿದೆ.

ಕಿರಿದಾದ ಅಂಚುಗಳನ್ನು ಒಂದಿಂಚು ಮೇಲೆ ಬಿಟ್ಟು ಅಂಟಿಸಿದೆ. 59 ಇಂಚು ಉದ್ದ, 20 ಅಗಲದ ಪಟ್ಟೆ ಸಿದ್ಧವಾಯಿತು. ಡಬ್ಬವನ್ನು ಸುತ್ತಿ ಬರಲು ಎರಡು ಅಗಲ, ಎರಡು ಎತ್ತರ, ಮೇಲೆ ಭಾವನ 2, ಒಟ್ಟು 38. ಗೆರೆ ಹಾಕಿ ಕತ್ತರಿಸಿದೆ, ಸುತ್ತಿದೆ, ಚೆನ್ನಾಗಿಯೇ ಕೂತಿತು. ತಲೆ–ಕಾಲಿನ ಕಡೆ ಮಡಿಸಲು ಹೋದಾಗ ಬಣ್ಣ ಬಯಲಾಯಿತು. ಹದಿನಾರು ಇಂಚಿನ ಡಬ್ಬ, ಇಪ್ಪತ್ತರ ಕಾಗದ, ಆಚೆಗೆ ಎರಡು ಈಚೆಗೆ ಎರಡು ಇಂಚು ಮಾತ್ರ ಚಾಚಿತ್ತು. ಮೇಲಿನಿಂದ ಎರಡು ಇಳಿಸಿದೆ, ಕೆಳಗಿನಿಂದ ಎರಡು ಏರಿಸಿದೆ. ಎತ್ತರ ಆರು. ನಡುವೆ ಎರಡಿಂಚು ಎತ್ತರ, ಎಂಟಿಂಚು ಉದ್ದದ ಕಿಟಕಿ. ಆ ಕಿಟಕಿಯ ನಟ್ಟನಡುವೆ, ಬೇಕೆಂದೇ ಚೌಕಟ್ಟು ಹಾಕಿಸಿದ ಹಾಗೆ, ಬೆಲೆಯ ಚೀಟಿ.

ಕಾಗದವನ್ನು ಎಳೆದೆ. ಎಳೆದರೆ ಅದೇನು ಚಪಾತಿ ಹಿಟ್ಟೇ? ಇತ್ತ ಮುಚ್ಚಿದರೆ ಅತ್ತ ತೆರೆಯಿತು. ಭಾವ ಕನ್ನಡಕ ಏರಿಸಿಕೊಂಡು ಬಂದು ಕಿಟಕಿಯ ಫೋಟೋ ತೆಗೆದು ಸ್ಥಳದಲ್ಲೇ ಕೆಂಪು ಗೆರೆ ಹಾಕಿದರು: 8, 2. ಅಡುಗೆಮನೆಯಿಂದ ಅಕ್ಕ ಇಣುಕಿ, ‘ಚೀಟಿ ಕಾಣಿಸಿದರೆ ಕಾಣಿಸಲಿ ಬಿಡು, ಅದರಲ್ಲಿರುವುದು ನಾವು ಕೊಟ್ಟದ್ದರ ಎರಡರಷ್ಟು’ ಎಂದಳು. ಭಾವ ಆ ಸಾಧ್ಯತೆಯನ್ನು ಗಂಭೀರವಾಗಿಯೇ ಪರಿಶೀಲಿಸುತ್ತಿರುವಂತೆ ಕಂಡಿತು.

ಆಮೇಲೆ ಅಕ್ಕನೇ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದಳು. ಕಾಗದ ಬಿಚ್ಚಿ ಹಾಸಿದಳು. ಡಬ್ಬವನ್ನು ಅದರ ಮೇಲೆ ಅಡ್ಡ ತಿರುಗಿಸಿ ಇಟ್ಟಳು. ‘ಈಗ ಸುತ್ತು’ ಎಂದು ಒಗ್ಗರಣೆಗೆ ಹೊರಟುಹೋದಳು.

ಈಗ ಕಾಗದದ ಅಗಲದಲ್ಲಿ ಬರುವುದು ಡಬ್ಬದ 12. ಅದಕ್ಕೆ ಮಡಿಸಿ ಮುಚ್ಚಲು ಒಂದು ಎತ್ತರ 6, ಒಂದರ ಮೇಲೊಂದು ಬರಲು 2, ಸರಿಯಾಗಿ 20! ಸುತ್ತಿ ಬರಲು ಎರಡು ಹದಿನಾರು, ಎರಡು ಆರು, ಮತ್ತೆ 2, ಒಟ್ಟು 46. ನನ್ನ ಪಟ್ಟೆ 59 ಇತ್ತು. ಇತ್ತು, ಅಂದರೆ ನಾನು ಕತ್ತರಿಸುವ ಮೊದಲು. ಕತ್ತರಿಸಿ ಬಿಸಾಡಿದ್ದ ತುಂಡನ್ನು ಸೋಫಾದ ಕೆಳಗಿನಿಂದ ಎಳೆದು ತಂದು ಮತ್ತೆ ಅಂಟಿಸಿ, ಜೋಡಣೆಗಳನ್ನೆಲ್ಲ ತಳಕ್ಕೆ ತಳ್ಳಿದೆ. ಒಂದು ನವಿಲಿಗೆ ಎರಡು ಕುತ್ತಿಗೆ ಬಂತು, ಅದೂ ತಳದಲ್ಲೇ. ಡಬ್ಬವನ್ನು ನೆಟ್ಟಗೇ ಇಡಬೇಕೆಂಬ ಹಟವಿದ್ದಿದ್ದರೆ ಹಾಳೆಗಳನ್ನು ಉದ್ದದ ಅಂಚಿಗೆ ಅಂಟಿಸಬೇಕಿತ್ತು. ಆಗ 39ಕ್ಕೆ 30 ಸಿಗುತ್ತಿತ್ತು, ಬೇಕಾದದ್ದು 38ಕ್ಕೆ 24. ನನ್ನ 720 ಚದರ ಇಂಚು ಸುಳ್ಳಲ್ಲ. ಆದರೆ ಅದು ಆರು ಮುಖಕ್ಕೆ ಆರು ತುಂಡು ಕತ್ತರಿಸಿ ಅಂಟಿಸುವವನ ಲೆಕ್ಕ. ಮಡಿಸುವವನಿಗೆ ಹೇಗೆ ಸುತ್ತಿದರೂ ಒಂಬೈನೂರರ ಮೇಲೆ ಬೇಕು, ಅದೂ ಸರಿಯಾದ ಆಕಾರದಲ್ಲಿ. ಮೂಲೆಗಳಲ್ಲಿ ಕಾಗದ ಒಳಗೊಳಗೇ ಮಡಿಸಿಕೊಂಡು ಕೂರುತ್ತದೆ, ಅದು ಯಾವ ಮುಖದ ಲೆಕ್ಕಕ್ಕೂ ಸಿಗುವುದಿಲ್ಲ.

ಜೂನ್ ತಿಂಗಳಲ್ಲಿ ಅಪ್ಪ ನಮ್ಮಿಬ್ಬರ ಪಠ್ಯಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದರು. ಪುಸ್ತಕವನ್ನು ಕಾಗದದ ಮೇಲೆ ತೆರೆದಿಟ್ಟು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ತಿರುಗಿಸಿ ನೋಡಿ, ಸುತ್ತ ನಾಲ್ಕು ಬೆರಳು ಬಿಟ್ಟು ಕತ್ತರಿ ಹಾಕುತ್ತಿದ್ದರು. ಪಕ್ಕದಲ್ಲಿ ಹೆಸರಿನ ಚೀಟಿ ಹಿಡಿದು ಕಾಯುವುದು ನನ್ನ ಕೆಲಸ. ಕಾಗದ ಹಿಡಿಯುವುದು ಅಕ್ಕನ ಕೆಲಸ. ಅವಳು ಕಲಿತಳು, ನಾನು ಚೀಟಿ ಹಿಡಿದುಕೊಂಡೇ ಉಳಿದೆ.

ಆರತಕ್ಷತೆಯಲ್ಲಿ ಡಬ್ಬವನ್ನು ತೆಗೆದುಕೊಂಡ ಹುಡುಗ ಅದನ್ನು ಬೋರಲು ಹಾಕಿ, ಎರಡು ಕುತ್ತಿಗೆಯ ನವಿಲು ಎಲ್ಲರಿಗೂ ಕಾಣುವಂತೆ ರಾಶಿಯ ಮೇಲಿಟ್ಟ.

ನಿನ್ನೆ ರಾತ್ರಿ ಮತ್ತೊಂದು ಫೋಟೋ ಬಂದಿದೆ. ಮುಂದಿನ ವಾರ ಯಾರದೋ ಗೃಹಪ್ರವೇಶವಂತೆ. ಹಿತ್ತಾಳೆಯ ಕೊಡ, ಹೊಟ್ಟೆಯ ಮೇಲೆ ಕೆಂಪು ಗೆರೆ, 14. ಅಡ್ಡಕ್ಕೋ ಸುತ್ತಲಿಗೋ ತಿಳಿಯದು, ಪಕ್ಕದಲ್ಲಿ ಈ ಸಲ ಲೋಟವೂ ಇಲ್ಲ. ಮೂಲೆಯಲ್ಲಿ ಒಂದು 2 ಮಾತ್ರ ಇದೆ.