ತೂಕ ಹೆಚ್ಚಿಸುವ ಪುಡಿ: ಒಂದು ಸ್ಪಷ್ಟನೆ

"ದಿನಕ್ಕೆ ಎರಡು ಚಮಚ ಪುಡಿ ಹಾಲಿಗೆ ಹಾಕಿ ಕುಡಿದರೆ ಹದಿನೈದು ದಿನದಲ್ಲಿ 5 ಕೆಜಿ ಏರುತ್ತದೆ, ಊಟ ಬದಲಿಸಬೇಕಿಲ್ಲ."

ಕಳೆದ ವಾರ ನಾನೇ ಗುಂಪಿಗೆ ಕಳಿಸಿದ್ದ ಈ ಸಂದೇಶ ತಪ್ಪು. ತೂಕ ಏರುವುದು ದಿನದ ಖರ್ಚಿಗಿಂತ ಹೆಚ್ಚು ಕ್ಯಾಲೊರಿ ಒಳಗೆ ಹೋದಾಗ. ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚಾದರೆ ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಏರಬಹುದು. ಇಂಥ ಅನೇಕ ಪುಡಿಗಳ ಬಹುಪಾಲು ಮಾಲ್ಟೊಡೆಕ್ಸ್‌ಟ್ರಿನ್ ಎಂಬ, ಪಿಷ್ಟದಿಂದ ತಯಾರಿಸಿದ ಪುಡಿ ಮತ್ತು ಸಕ್ಕರೆ. ಅದನ್ನು ಕುಡಿದು ಹೊಟ್ಟೆ ತುಂಬಿತೆಂದು ರಾತ್ರಿಯ ಊಟ ಬಿಟ್ಟರೆ ಲೆಕ್ಕ ಮತ್ತೆ ಮೊದಲಿನಲ್ಲಿಗೇ ಬರುತ್ತದೆ.

170 ಸೆಂ.ಮೀ. ಎತ್ತರ, 50 ಕೆಜಿ ತೂಕದ ಯುವಕನನ್ನು ತೆಗೆದುಕೊಳ್ಳಿ. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಳತೆಯಾದ ಬಿಎಂಐ ಅವನಿಗೆ ಸುಮಾರು 17.3. ಅದು 18.5ರ ಕೆಳಗಿದ್ದರೆ ತೂಕ ಕಡಿಮೆ ಎಂದರ್ಥ. ಎಂದಿನ ಊಟದ ಜೊತೆಗೆ 50 ಗ್ರಾಂ ಹುರಿದ ಕಡಲೆಕಾಯಿ ಬೀಜ, ಒಂದು ಲೋಟ ಹಾಲು ಮತ್ತು ಒಂದು ಬಾಳೆಹಣ್ಣು ಸೇರಿಸಿದರೆ ಸುಮಾರು 500 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಸಿಗುತ್ತದೆ. ದಿನದ ಒಟ್ಟು ಪ್ರೋಟೀನ್ 60 ಗ್ರಾಂ ಆಸುಪಾಸಿನಲ್ಲಿದ್ದು, ಭಾರ ಎತ್ತುವ ವ್ಯಾಯಾಮವೂ ಇದ್ದರೆ ಏರಿದ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚುತ್ತದೆ.

ಪ್ರಯತ್ನಿಸದೆಯೇ ತೂಕ ಇಳಿಯುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಅತಿಯಾದ ಬಾಯಾರಿಕೆ, ಎದೆಬಡಿತ ಅಥವಾ ನಿಲ್ಲದ ಭೇದಿ ಇದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಕ್ಷಯ, ಮಧುಮೇಹ, ಥೈರಾಯ್ಡ್ ತೊಂದರೆಗಳನ್ನು ಯಾವ ಪುಡಿಯೂ ಸರಿಪಡಿಸದು. ಲೇಬಲ್ ಇಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಕೆಲವೇ ದಿನಗಳಲ್ಲಿ ಮುಖ ಊದಿಕೊಂಡರೆ ಡಬ್ಬಿಯ ಸಮೇತ ತಕ್ಷಣ ವೈದ್ಯರಲ್ಲಿಗೆ ಹೋಗಿ.

ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.